‘ಮುಂದಿನ ತಿಂಗಳಿಂದ ಪಕ್ಕಾ’: ಆರ್‌ಡಿ ಖಾತೆ ಯಾಕೆ ತೆರೆಯುವುದೇ ಇಲ್ಲ?

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರೊಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳೋಣ. ಸಂಬಳ 18,000 ರೂಪಾಯಿ, ಒಂದನೇ ತಾರೀಖಿಗೆ ಖಾತೆಗೆ ಬೀಳುತ್ತದೆ. ಮಗಳು ಈ ಜೂನ್‌ಗೆ ಎಂಟನೇ ಕ್ಲಾಸು. ಐದು ವರ್ಷಕ್ಕೆ ಪಿಯುಸಿ ಮುಗಿಯುತ್ತದೆ, ಆಗ ಕಾಲೇಜಿನ ಅಡ್ಮಿಷನ್‌ಗೆ ಒಮ್ಮೆಗೇ ದೊಡ್ಡ ಮೊತ್ತ ಬೇಕು. ಮನೆಯಲ್ಲಿ ಕೂತು ಮಾತಾಡಿ ತೀರ್ಮಾನವೂ ಆಗಿದೆ: ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ, ತಿಂಗಳಿಗೆ 2,000.

ಜೂನ್ ಒಂದಕ್ಕೆ ಸಂಬಳ ಬಂತು. ಪುಸ್ತಕ, ಯೂನಿಫಾರ್ಮ್ ಅಂತ ಖರ್ಚಾಯಿತು, ಮುಂದಿನ ತಿಂಗಳು ಹಾಕೋಣ ಅಂದರು. ಜುಲೈನಲ್ಲಿ ಭಾವಮೈದುನನ ಮನೆಯ ಶಾಂತಿ. ಆಗಸ್ಟಿನಲ್ಲಿ ಶ್ರಾವಣ. ಸೆಪ್ಟೆಂಬರಿನಲ್ಲಿ ಹೇಳಿಕೊಳ್ಳುವಂಥ ಖರ್ಚೇ ಇರಲಿಲ್ಲ, ಆದರೂ ಖಾತೆ ತೆರೆಯಲಿಲ್ಲ.

“ಈ ತಿಂಗಳೂ ಹಾಕಿಲ್ಲೇನ್ರಿ?”

“ಮುಂದಿನ ತಿಂಗಳಿಂದ ಪಕ್ಕಾ ಹಾಕ್ತೀನಿ, ಬಿಡು.”

“ಹೋದ ತಿಂಗಳೂ ಹಿಂಗೇ ಅಂದಿದ್ರಲ್ರೀ.”

ಇಂಥವರನ್ನು ಸೋಮಾರಿ, ಮನೆ ಮೇಲೆ ಕಾಳಜಿ ಇಲ್ಲದವರು ಅಂದುಬಿಡುವುದು ಸುಲಭ. ಆದರೆ ಮಿಲ್ಲಿನ ಲಕ್ಷಾಂತರ ರೂಪಾಯಿಯ ಲೆಕ್ಕವನ್ನು ಪೈಸೆ ತಪ್ಪದೆ ಇಡುವ ಮನುಷ್ಯ ಇವರು. ‘ಮುಂದಿನ ತಿಂಗಳು’ ಅಂದಾಗ ಸುಳ್ಳೂ ಹೇಳುತ್ತಿಲ್ಲ, ಆ ಕ್ಷಣಕ್ಕೆ ಅದು ನಿಜವಾದ ತೀರ್ಮಾನವೇ. ತಿಂಗಳು ಬಂದಾಗ ಅದು ಯಾಕೆ ಮುರಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಹಲವು ದಶಕಗಳಿಂದ ಅಳೆದು ನೋಡಿದ್ದಾರೆ. ಅವರು ಬಳಸುವ ಎರಡು ಹೆಸರು: ಪ್ರೆಸೆಂಟ್ ಬಯಾಸ್, ಅಂದರೆ ‘ಈಗ’ ಎಂಬುದರ ಕಡೆಗೆ ಮನಸ್ಸಿನ ವಾಲಿಕೆ, ಮತ್ತು ಹೈಪರ್‌ಬೋಲಿಕ್ ಡಿಸ್ಕೌಂಟಿಂಗ್, ಅಂದರೆ ಆ ವಾಲಿಕೆ ಕಾಲದ ಜೊತೆ ಯಾವ ಆಕಾರದಲ್ಲಿ ಬದಲಾಗುತ್ತದೆ ಎಂಬ ಲೆಕ್ಕ.

## ನಾಳೆಯ ರೂಪಾಯಿಗೆ ಇವತ್ತು ಬೆಲೆ ಎಷ್ಟು?

ಇವತ್ತು ಕೈಗೆ ಸಿಗುವ ಸಾವಿರಕ್ಕೂ ಮುಂದಿನ ವರ್ಷ ಸಿಗುವ ಸಾವಿರಕ್ಕೂ ಯಾರೂ ಒಂದೇ ಬೆಲೆ ಕಟ್ಟುವುದಿಲ್ಲ. ದೂರದ್ದಕ್ಕೆ ಸ್ವಲ್ಪ ಮುರಿದುಕೊಂಡು ಬೆಲೆ ಕಟ್ಟುತ್ತೇವೆ. ಹೀಗೆ ಮುರಿಯುವುದಕ್ಕೇ ಡಿಸ್ಕೌಂಟಿಂಗ್ ಎನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಬಡ್ಡಿ ಎಂಬ ವ್ಯವಹಾರ ನಿಂತಿರುವುದೇ ಇದರ ಮೇಲೆ.

ಈ ಮುರಿತ ಯಾವ ದರದಲ್ಲಿ ಆಗುತ್ತದೆ ಎಂಬುದು ಮುಖ್ಯ. 1937ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಒಂದು ಸರಳ ಮಾದರಿ ಕೊಟ್ಟರು. ಪ್ರತಿ ಅವಧಿಗೂ ಒಂದೇ ದರದಲ್ಲಿ ಬೆಲೆ ಮುರಿಯುತ್ತ ಹೋಗುವುದು. ಉದಾಹರಣೆಗೆ, ಒಂದು ತಿಂಗಳು ತಡವಾದರೆ ಐದರಲ್ಲಿ ಒಂದು ಪಾಲು ಹೋಯಿತು ಅನ್ನಿ. ಇನ್ನೊಂದು ತಿಂಗಳು ತಡವಾದರೆ ಉಳಿದದ್ದರಲ್ಲಿ ಮತ್ತೆ ಐದರಲ್ಲಿ ಒಂದು. ಜನ ನಿಜವಾಗಿ ಹೀಗೇ ಯೋಚಿಸುತ್ತಾರೆ ಎಂದು ಸ್ಯಾಮುಯೆಲ್ಸನ್ ಕೂಡ ಹೇಳಿಕೊಳ್ಳಲಿಲ್ಲ, ಆದರೆ ಲೆಕ್ಕಕ್ಕೆ ಸುಲಭವಾದ್ದರಿಂದ ಆ ಮಾದರಿ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿತು.

ಒಂದೇ ದರದಲ್ಲಿ ಮುರಿಯುವವನು ಮಾತು ಬದಲಿಸುವುದಿಲ್ಲ. ‘ಇವತ್ತು 1,000 ಬೇಕೋ, ಒಂದು ತಿಂಗಳ ಮೇಲೆ 1,200 ಬೇಕೋ’ ಎಂದು ಕೇಳಿದರೆ ಅವನಿಗೆ 1,200 ಎಂಬುದು ಇವತ್ತಿನ 960ಕ್ಕೆ ಸಮ. ಹಾಗಾಗಿ ಇವತ್ತಿನ 1,000 ತೆಗೆದುಕೊಳ್ಳುತ್ತಾನೆ. ಅದೇ ಪ್ರಶ್ನೆಯನ್ನು ಒಂದು ವರ್ಷ ಮುಂದಕ್ಕೆ ತಳ್ಳಿ: ‘12 ತಿಂಗಳಿಗೆ 1,000ವೋ, 13 ತಿಂಗಳಿಗೆ 1,200ವೋ?’ ಎರಡೂ ಒಂದೇ ಪ್ರಮಾಣದಲ್ಲಿ ಮುರಿದಿರುತ್ತವೆ, ಸುಮಾರು 69 ಮತ್ತು 66. ಉತ್ತರ ಅದೇ, 1,000. ಅವನ ಆಯ್ಕೆ ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಇವತ್ತು ಹೇಳಿದ್ದನ್ನೇ ವರ್ಷ ಬಿಟ್ಟೂ ಹೇಳುತ್ತಾನೆ, ಅಷ್ಟೇ.

ನಮ್ಮ ಮುನೀಮರು ಹೀಗಿಲ್ಲ. ನಾವೂ ಬಹುತೇಕ ಹೀಗಿಲ್ಲ.

1981ರಲ್ಲಿ ಅಮೆರಿಕದ ರಿಚರ್ಡ್ ಥೇಲರ್ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿಗೆ ಪ್ರಶ್ನೆ ಕೇಳಿದರು. ನಿಮಗೆ 15 ಡಾಲರ್ ಬಹುಮಾನ ಬಂದಿದೆ, ಈಗಲೇ ತೆಗೆದುಕೊಳ್ಳಬಹುದು. ಒಂದು ತಿಂಗಳು ಕಾಯಬೇಕಾದರೆ ಎಷ್ಟು ಕೊಟ್ಟರೆ ಸರಿ? ಒಂದು ವರ್ಷಕ್ಕೆ? ಹತ್ತು ವರ್ಷಕ್ಕೆ? ನಡುವಿನ ಉತ್ತರಗಳು 20, 50 ಮತ್ತು 100 ಡಾಲರ್. ಇವನ್ನು ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತ ಹೋಗುವ ವಾರ್ಷಿಕ ಬಡ್ಡಿಗೆ ತಿರುಗಿಸಿದರೆ ಒಂದು ತಿಂಗಳ ಕಾಯುವಿಕೆಗೆ ಜನ ಕೇಳಿದ್ದು 345 ಶೇಕಡಾ, ಒಂದು ವರ್ಷಕ್ಕೆ 120, ಹತ್ತು ವರ್ಷಕ್ಕೆ ಬರೀ 19. ಅಂದರೆ ಮೊದಲ ತಿಂಗಳು ಕಾಯುವುದು ವಿಪರೀತ ದುಬಾರಿ, ಒಂಬತ್ತನೇ ವರ್ಷದಿಂದ ಹತ್ತನೇ ವರ್ಷಕ್ಕೆ ಕಾಯುವುದು ಸಲೀಸು. ದರ ಒಂದೇ ಆಗಿ ಉಳಿಯುವುದಿಲ್ಲ. ಹತ್ತಿರದಲ್ಲಿ ಕಡಿದಾಗಿ ಇಳಿದು, ದೂರ ಹೋದಂತೆ ಚಪ್ಪಟೆಯಾಗುತ್ತದೆ.

## ವಕ್ರರೇಖೆ ಮಾಡುವ ಕಿತಾಪತಿ

ಇಂಥ ಇಳಿತಕ್ಕೆ ಹೊಂದುವ ಸರಳ ಸೂತ್ರ ಹೀಗಿದೆ:

```
V = A / (1 + kD)
```

`A` ಮುಂದೆ ಸಿಗುವ ಮೊತ್ತ, `D` ಎಷ್ಟು ತಿಂಗಳು ದೂರ, `k` ಆ ಮನುಷ್ಯನ ಅವಸರ, `V` ಇವತ್ತು ಅವನ ಮನಸ್ಸು ಕಟ್ಟುವ ಬೆಲೆ. ಗಣಿತದಲ್ಲಿ ಈ ಆಕಾರದ ರೇಖೆಗೆ ಹೈಪರ್‌ಬೋಲಾ ಎನ್ನುತ್ತಾರೆ. ಹೆಸರು ಬಂದಿದ್ದು ಅಲ್ಲಿಂದ.

`k` ಕಾಲು, ಅಂದರೆ 0.25 ಅಂತ ಹಿಡಿದು ಅದೇ 1,000–1,200ರ ಪ್ರಶ್ನೆಗೆ ಬರೋಣ. ಇವತ್ತು 1,000ವೋ, ತಿಂಗಳ ಮೇಲೆ 1,200ವೋ? 1,200ನ್ನು 1.25ರಿಂದ ಭಾಗಿಸಿದರೆ 960. ಹಾಗಾಗಿ ಇವತ್ತಿನ 1,000 ಗೆಲ್ಲುತ್ತದೆ, ಮೇಲಿನವನ ಹಾಗೆಯೇ. ಈಗ ವರ್ಷ ದೂರ ತಳ್ಳಿ. 12 ತಿಂಗಳ ಆಚೆಯ 1,000 ಇವತ್ತಿಗೆ 250. 13 ತಿಂಗಳ ಆಚೆಯ 1,200 ಇವತ್ತಿಗೆ 282. ಈ ಸಲ ಗೆದ್ದದ್ದು 1,200! ದೂರದಿಂದ ನೋಡಿದಾಗ ತಾಳ್ಮೆಯವನು, ಹತ್ತಿರ ಬಂದಾಗ ಅವಸರದವನು, ಮನುಷ್ಯ ಒಬ್ಬನೇ.

ಎಲ್ಲಿ ತಿರುಗುತ್ತದೆ ಎಂಬುದನ್ನೂ ಹಿಡಿಯಬಹುದು. ಸಣ್ಣ ಮೊತ್ತ ಸರಿಯಾಗಿ ಒಂದು ತಿಂಗಳು ದೂರ ಇರುವಾಗ 1,000ದ ಬೆಲೆ 800, ಅದರ ಮುಂದಿನ ತಿಂಗಳ 1,200ರ ಬೆಲೆಯೂ 800. ತಕ್ಕಡಿ ಸಮ. ಅದಕ್ಕಿಂತ ದೂರ ಇದ್ದರೆ ಕಾಯುವುದು ಗೆಲ್ಲುತ್ತದೆ, ಹತ್ತಿರ ಬಂದರೆ ಕೈಗೆ ಬಂದದ್ದು ಗೆಲ್ಲುತ್ತದೆ.

ಬೀದರಿಗೆ ಹೋದವರು ಹಳೇ ಊರಿನ ನಡುವೆ ಚೌಬಾರಾ ನೋಡಿರುತ್ತೀರಿ. ದೂರದಿಂದ ಬರುವಾಗ ಆ ಗೋಪುರ ರಸ್ತೆಬದಿಯ ಅಂಗಡಿಗಳಿಗಿಂತ ಎಷ್ಟೋ ಎತ್ತರ ಕಾಣುತ್ತದೆ. ಒಂದು ಚಹಾ ಅಂಗಡಿಯ ತಗಡಿನ ಕೆಳಗೆ ಬಂದು ನಿಂತರೆ ಗೋಪುರ ಮರೆಯಾಗಿ ತಗಡೇ ಕಾಣುತ್ತದೆ. ಗೋಪುರವೂ ತಗಡೂ ಇದ್ದಲ್ಲೇ ಇವೆ, ಬದಲಾದದ್ದು ನೀವು ನಿಂತ ಜಾಗ. ಮಗಳ ಕಾಲೇಜು ಆ ಗೋಪುರ, ಈ ತಿಂಗಳ ಎರಡು ಸಾವಿರ ಆ ತಗಡು. ಮೇ ತಿಂಗಳಲ್ಲಿ ನಿಂತು ಅಕ್ಟೋಬರಿನ ಬಗ್ಗೆ ಯೋಚಿಸುವಾಗ ಗೋಪುರ ಎತ್ತರ. ಅಕ್ಟೋಬರ್ ಒಂದಕ್ಕೆ ಮೊಬೈಲಿನಲ್ಲಿ ಸಂಬಳದ ಮೆಸೇಜ್ ಬಂದಾಗ ತಗಡಿನ ಕೆಳಗೆ ಬಂದು ನಿಂತಿರುತ್ತೇವೆ.

## ಹತ್ತಕ್ಕೆ ಏಳು

ಮೇಲಿನ ಸೂತ್ರ ಅರ್ಥಶಾಸ್ತ್ರದ ಲೆಕ್ಕಗಳಿಗೆ ಸ್ವಲ್ಪ ತೊಡಕು. 1997ರಲ್ಲಿ ಡೇವಿಡ್ ಲೈಬ್ಸನ್ ಇದನ್ನು ಸರಳಗೊಳಿಸಿ ಉಳಿತಾಯಕ್ಕೆ ಅನ್ವಯಿಸಿದರು. ಅವರ ಮಾದರಿಯಲ್ಲಿ ಗೆರೆ ಒಂದೇ ಕಡೆ ಇದೆ, ‘ಈಗ’ ಮತ್ತು ‘ಆಮೇಲೆ’ ಇವೆರಡರ ನಡುವೆ. ಈಗಿನದು ಪೂರ್ತಿ ಬೆಲೆಗೆ. ಆಮೇಲಿನದು ನಾಳೆಯೇ ಇರಲಿ, ಐದು ವರ್ಷ ಆಚೆಯೇ ಇರಲಿ, ಮೊದಲೇ ಒಂದು ದೊಡ್ಡ ಕಡಿತ. ಆ ಗೆರೆ ದಾಟಿದ ಮೇಲೆ ಮಾಮೂಲಿ ದರ. ಆ ಒಂದೇ ಕಡಿತಕ್ಕೆ ಪ್ರೆಸೆಂಟ್ ಬಯಾಸ್ ಎನ್ನುವುದು. ಸಂಶೋಧಕರು ಉದಾಹರಣೆಗೆ ಹೆಚ್ಚಾಗಿ ಇಟ್ಟುಕೊಳ್ಳುವ ಪ್ರಮಾಣ ಹತ್ತಕ್ಕೆ ಏಳು, ಅಂದರೆ ಮುಂದಿನ ಒಂದು ರೂಪಾಯಿಗೆ ಮನಸ್ಸು ಈಗ 70 ಪೈಸೆ ಬೆಲೆ ಕಟ್ಟುತ್ತದೆ. ಎಲ್ಲರಿಗೂ ಇದೇ ಅಂಕಿ ಅಲ್ಲ, ಲೆಕ್ಕಕ್ಕೆ ನಾವೂ ಇದನ್ನೇ ಹಿಡಿಯೋಣ, ಗೆರೆಯ ಆಚೆಯ ಮಾಮೂಲಿ ದರವನ್ನು ಸರಳತೆಗಾಗಿ ಬಿಟ್ಟುಬಿಡೋಣ.

ಈಗ ಮುನೀಮರ ಆರ್‌ಡಿ. ಬಡ್ಡಿ ವರ್ಷಕ್ಕೆ 6.7 ಶೇಕಡಾ, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಲೆಕ್ಕ ಅಂತ ಇಟ್ಟುಕೊಂಡರೆ, ತಿಂಗಳಿಗೆ 2,000ದಂತೆ 60 ಕಂತು ಕಟ್ಟಿದ 1,20,000 ರೂಪಾಯಿ ಕೊನೆಗೆ ಸುಮಾರು 1,42,700 ಆಗುತ್ತದೆ. ಮೊದಲ ಕಂತು ಪೂರ್ತಿ ಐದು ವರ್ಷ ಬೆಳೆಯುತ್ತದೆ, ಅದೊಂದೇ ಸುಮಾರು 2,790 ಆಗುತ್ತದೆ.

ಒಂದನೇ ತಾರೀಖಿನ ಬೆಳಿಗ್ಗೆ ಅವರ ಮನಸ್ಸಿನಲ್ಲಿ ನಡೆಯುವ ತೂಗುವಿಕೆ ಹೀಗೆ: ಕಟ್ಟಿದರೆ ಈಗ ಹೋಗುವುದು 2,000, ಪೂರ್ತಿ ಬೆಲೆಗೆ. ಬರುವುದು 2,790, ಆದರೆ ಅದು ‘ಆಮೇಲೆ’, ಹಾಗಾಗಿ ಹತ್ತಕ್ಕೆ ಏಳರಂತೆ 1,950. ಐವತ್ತು ರೂಪಾಯಿ ಲುಕ್ಸಾನು! ಇವತ್ತು ಬೇಡ.

ಹಾಗಾದರೆ ಮುಂದಿನ ತಿಂಗಳು? ಆಗ ಹೋಗುವ 2,000ವೂ ಸದ್ಯಕ್ಕೆ ‘ಆಮೇಲೆ’ಯೇ, ಅದರ ಬೆಲೆ 1,400. ಅದು ಬೆಳೆದು ಆಗುವುದು ಸುಮಾರು 2,770, ಬೆಲೆ 1,940. ಐನೂರಕ್ಕೂ ಹೆಚ್ಚು ಲಾಭ. ಖಂಡಿತ ಕಟ್ಟಬೇಕು.

‘ಮುಂದಿನ ತಿಂಗಳಿಂದ ಪಕ್ಕಾ’ ಎಂಬ ಮಾತು ಹುಟ್ಟುವುದು ಈ ಜಾಗದಲ್ಲಿ. ಅವರು ಹೇಳುತ್ತಿರುವ ಎರಡೂ ಮಾತು, ‘ಇವತ್ತು ಬೇಡ’ ಮತ್ತು ‘ಮುಂದಿನ ತಿಂಗಳು ಖಂಡಿತ’, ಆ ಕ್ಷಣದ ಲೆಕ್ಕದಲ್ಲಿ ಸರಿಯಾಗಿಯೇ ಇವೆ. ಮುಂದಿನ ತಿಂಗಳು ಬಂದು ‘ಇವತ್ತು’ ಆದ ಕೂಡಲೇ 1,400 ಮತ್ತೆ 2,000 ಆಗುತ್ತದೆ. ಅದನ್ನು ಮಾತ್ರ ಅವರು ಗಣನೆಗೆ ತೆಗೆದುಕೊಂಡಿಲ್ಲ.

## ಜಗಳ ಇರುವುದು ಕಾಲೇಜಿನ ಜೊತೆ ಅಲ್ಲ

ಹಾಗಾದರೆ ಈ ಮನುಷ್ಯ ಮಗಳ ಭವಿಷ್ಯಕ್ಕಿಂತ ಎರಡು ಸಾವಿರವೇ ದೊಡ್ಡದು ಅಂತ ತೀರ್ಮಾನಿಸಿದನೇ? ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ತಿಳಿದುಕೊಳ್ಳಬೇಕಾದದ್ದು ಇದೇ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸೋಣ.

ಒಂದು ಕಂತು ಬಿಟ್ಟು ಇಡೀ ಯೋಜನೆಯನ್ನು ತೂಗೋಣ. ಇವತ್ತೇ ಶುರು ಮಾಡಿದರೆ ಮೊದಲ ಕಂತಿಗೆ ಐವತ್ತರಷ್ಟು ಲುಕ್ಸಾನು ಅನಿಸುತ್ತದೆ, ಉಳಿದ 59 ಕಂತುಗಳ ಬಡ್ಡಿಗೆ ಮನಸ್ಸು ಸುಮಾರು 15,360 ಬೆಲೆ ಕಟ್ಟುತ್ತದೆ. ಒಟ್ಟು 15,310. ಮುಂದಿನ ತಿಂಗಳು ಶುರು ಮಾಡಿದರೆ ಆ ಐವತ್ತರ ನೋವಿಲ್ಲ, ಪೂರ್ತಿ 15,360. ಎರಡು ತಿಂಗಳು ಬಿಟ್ಟು ಶುರು ಮಾಡಿದರೆ ಇನ್ನೊಂದು ಕಂತಿನ ಬಡ್ಡಿ ಕೈತಪ್ಪಿ 14,820ಕ್ಕೆ ಇಳಿಯುತ್ತದೆ. ಶುರುವೇ ಮಾಡದಿದ್ದರೆ ಸೊನ್ನೆ.

ಈ ಅಂಕಿಗಳನ್ನು ಸಾಲಾಗಿ ನೋಡಿ. ಶುರುವೇ ಮಾಡದೆ ಇರುವುದು ಅವರ ಪಟ್ಟಿಯಲ್ಲಿ ಕಟ್ಟಕಡೆಗೆ ಇದೆ, ಹತ್ತಿರಕ್ಕೂ ಬರುವುದಿಲ್ಲ. ಎರಡು ತಿಂಗಳು ತಡ ಮಾಡುವುದಕ್ಕಿಂತ ಇವತ್ತೇ ಶುರು ಮಾಡುವುದು ಅವರಿಗೇ ಮೇಲು. ‘ಇವತ್ತೋ, ಎರಡು ತಿಂಗಳ ಮೇಲೋ, ಎರಡೇ ದಾರಿ’ ಎಂದು ಯಾರಾದರೂ ಕಡ್ಡಿ ತುಂಡು ಮಾಡಿದಂತೆ ಕೇಳಿದರೆ ಇವತ್ತೇ ಹೋಗಿ ಖಾತೆ ತೆರೆಯುತ್ತಾರೆ. ಇವತ್ತನ್ನು ಸೋಲಿಸುವುದು ಒಂದೇ ಒಂದು ದಾರಿ, ಮುಂದಿನ ತಿಂಗಳು. ಅದೂ ಬರೀ ಐವತ್ತು ರೂಪಾಯಿಯ ಅಂತರದಲ್ಲಿ.

ಆ ದಾರಿ ಪ್ರತಿ ತಿಂಗಳೂ ತೆರೆದೇ ಇರುತ್ತದೆ. ಜುಲೈನಲ್ಲೂ ‘ಮುಂದಿನ ತಿಂಗಳು’ ಇದೆ, ಆಗಸ್ಟಿನಲ್ಲೂ ಇದೆ. ಪ್ರತಿ ಸಲ ನಡೆಯುವುದು ಈ ತಿಂಗಳಿಗೂ ಬರುವ ತಿಂಗಳಿಗೂ ನಡುವಿನ ಒಂದು ಪುಟ್ಟ ಜಗಳ, ಪ್ರತಿ ಸಲ ಗೆಲ್ಲುವುದು ಬರುವ ತಿಂಗಳು. ಕಾಲೇಜಿಗೂ ಎರಡು ಸಾವಿರಕ್ಕೂ ನಡುವಿನ ದೊಡ್ಡ ಜಗಳ ಒಂದು ದಿನವೂ ನಡೆಯುವುದೇ ಇಲ್ಲ. ಒಂದೊಂದು ತಿಂಗಳ ತಡವೂ ಸಣ್ಣದು, ಕೂಡಿದರೆ ವರ್ಷವಾಗುತ್ತದೆ. ಅಡ್ಮಿಷನ್ ತಾರೀಖು ಮುಂದೆ ಹೋಗುವುದಿಲ್ಲವಲ್ಲ, ಹಾಗಾಗಿ ಒಂದು ವರ್ಷ ತಡವಾಗಿ ಶುರು ಮಾಡಿದರೆ ಕೈಗೆ ಬರುವುದು 1,42,700 ಅಲ್ಲ, ಸುಮಾರು 1,10,300.

ಇನ್ನೊಂದು ಕೆಟ್ಟ ಸುದ್ದಿ ಇದೆ. ತಡ ಮಾಡಿದಷ್ಟೂ ತಡ ಮಾಡುವುದು ಇನ್ನೂ ಸಲೀಸಾಗುತ್ತದೆ. ಮೊದಲ ತಿಂಗಳು ಕಟ್ಟುವ 2,000ಕ್ಕೆ ಬೆಳೆಯಲು ಐದು ವರ್ಷ ಇತ್ತು, ಅನಿಸುವ ಲುಕ್ಸಾನು ಐವತ್ತರ ಹತ್ತಿರ. ವರ್ಷ ಕಳೆದ ಮೇಲೆ ಅದೇ 2,000ಕ್ಕೆ ನಾಲ್ಕೇ ವರ್ಷ ಉಳಿದಿರುತ್ತದೆ, ಆಗುವುದು ಸುಮಾರು 2,610, ಅದರ ಹತ್ತಕ್ಕೆ ಏಳು 1,830ರ ಹತ್ತಿರ. ಈಗ ಲುಕ್ಸಾನು 170. ‘ಇವತ್ತು ಬೇಡ’ ಎಂಬ ಮಾತಿಗೆ ಬಲ ಮೂರು ಪಟ್ಟಿಗಿಂತ ಹೆಚ್ಚಾಯಿತು. ಇದರ ಮೇಲೆ ಖಾತೆ ತೆರೆಯುವ ತಾಪತ್ರಯ ಬೇರೆ: ಆಧಾರ್ ಜೆರಾಕ್ಸ್, ಫೋಟೊ, ಫಾರಮ್ಮು, ಅರ್ಧ ದಿನ ರಜೆ. ಅದೂ ‘ಈಗ’ ಆಗುವ ಖರ್ಚೇ, ಪೂರ್ತಿ ಬೆಲೆಗೆ ತೂಗುತ್ತದೆ.

ಹಬ್ಬ ಇಲ್ಲದ, ಮದುವೆ ಇಲ್ಲದ ಸೆಪ್ಟೆಂಬರಿನಲ್ಲೂ ಖಾತೆ ಯಾಕೆ ತೆರೆಯಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಖರ್ಚು ಒಂದು ನೆಪ ಅಷ್ಟೇ. ನೆಪ ಇಲ್ಲದಿದ್ದರೂ ಲೆಕ್ಕ ಅದೇ.

## ತನ್ನನ್ನು ತಾನು ಬಲ್ಲವರು

1999ರಲ್ಲಿ ಟೆಡ್ ಓಡೊನೊಹ್ಯೂ ಮತ್ತು ಮ್ಯಾಥ್ಯೂ ರೇಬಿನ್ ಒಂದು ಮುಖ್ಯ ವ್ಯತ್ಯಾಸ ಗುರುತಿಸಿದರು. ಒಬ್ಬರು, ಮುಂದಿನ ತಿಂಗಳು ತಾನು ನಿಜಕ್ಕೂ ಕಟ್ಟುತ್ತೇನೆ ಎಂದು ನಂಬುವ ಅಮಾಯಕರು. ಇನ್ನೊಬ್ಬರು, ಮುಂದಿನ ತಿಂಗಳೂ ತನಗೆ ಹೀಗೇ ಅನಿಸುತ್ತದೆ ಎಂದು ಬಲ್ಲವರು. ವಾಲಿಕೆ ಇಬ್ಬರಿಗೂ ಅಷ್ಟೇ, ಹತ್ತಕ್ಕೆ ಏಳು. ಆದರೆ ಬಲ್ಲವರು ಮುಂದೂಡುವ ಮೊದಲು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತಾರೆ: ‘ಇವತ್ತು ಬಿಟ್ಟರೆ ನಾನು ನಿಜವಾಗಿ ಯಾವಾಗ ಶುರು ಮಾಡುತ್ತೇನೆ?’ ಉತ್ತರ ಎರಡು ತಿಂಗಳೋ ಅದಕ್ಕಿಂತ ಹೆಚ್ಚೋ ಆಗಿದ್ದರೆ ಮೇಲಿನ ಲೆಕ್ಕದ ಪ್ರಕಾರ ಇವತ್ತೇ ವಾಸಿ.

ಬಲ್ಲವರು ಮಾಡುವ ಇನ್ನೊಂದು ಕೆಲಸ ತಮ್ಮ ಕೈ ತಾವೇ ಕಟ್ಟಿಕೊಳ್ಳುವುದು. ಇದಕ್ಕೆ ಮನುಷ್ಯರೇ ಆಗಬೇಕಿಲ್ಲ. 1974ರಲ್ಲಿ ಜಾರ್ಜ್ ಐನ್ಸ್‌ಲಿ ಎಂಬ ಸಂಶೋಧಕರು ಪಾರಿವಾಳಗಳಿಗೆ ಕೆಂಪು ಗುಂಡಿ ಇಟ್ಟರು. ಕುಕ್ಕಿದರೆ ಕೂಡಲೇ ಸ್ವಲ್ಪ ಕಾಳು, ಕುಕ್ಕದೆ ಕೆಲವು ಸೆಕೆಂಡು ತಡೆದರೆ ಹೆಚ್ಚು ಕಾಳು. ಪಾರಿವಾಳಗಳು ತಡೆಯಲಿಲ್ಲ, ಕುಕ್ಕಿದವು. ಆಮೇಲೆ ಇನ್ನೊಂದು ವ್ಯವಸ್ಥೆ ಮಾಡಿದರು. ಕೆಂಪು ಗುಂಡಿ ಬರುವುದಕ್ಕೆ ಸ್ವಲ್ಪ ಮುಂಚೆ ಹಸಿರು ಗುಂಡಿ; ಅದನ್ನು ಕುಕ್ಕಿದರೆ ಕೆಂಪು ಗುಂಡಿ ಬರುವುದೇ ಇಲ್ಲ. ಕೆಲವು ಪಾರಿವಾಳಗಳು ಹಸಿರು ಗುಂಡಿ ಕುಕ್ಕುವುದನ್ನು ಕಲಿತವು. ಆಸೆ ದೂರ ಇರುವಾಗಲೇ ಅದರ ಬಾಗಿಲು ಮುಚ್ಚಿದವು.

ಮನುಷ್ಯರಲ್ಲಿ ಇದರ ಹೆಸರುವಾಸಿ ಪರೀಕ್ಷೆ ನಡೆದದ್ದು ಫಿಲಿಪ್ಪೀನ್ಸಿನ ಮಿಂಡನಾವ್ ದ್ವೀಪದ ಒಂದು ಗ್ರಾಮೀಣ ಬ್ಯಾಂಕಿನಲ್ಲಿ. ನವಾ ಅಶ್ರಫ್, ಡೀನ್ ಕಾರ್ಲಾನ್ ಮತ್ತು ವೆಸ್ಲಿ ಯಿನ್ 2006ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಳೇ ಗ್ರಾಹಕರಲ್ಲಿ ಕೆಲವರಿಗೆ ಒಂದು ವಿಚಿತ್ರ ಖಾತೆಯನ್ನು ತೋರಿಸಲಾಯಿತು. ಬಡ್ಡಿ ಮಾಮೂಲಿ ಖಾತೆಯಷ್ಟೇ, ಒಂದು ಪೈಸೆ ಹೆಚ್ಚಿಲ್ಲ. ಆದರೆ ಗ್ರಾಹಕರೇ ಗೊತ್ತು ಮಾಡಿದ ತಿಂಗಳೋ ಮೊತ್ತವೋ ಮುಟ್ಟುವವರೆಗೆ ಹಣ ತೆಗೆಯುವಂತಿಲ್ಲ. ಲಾಭವಿಲ್ಲದೆ ಕಟ್ಟು ಮಾತ್ರ ಇರುವ ಇಂಥ ಖಾತೆಯನ್ನು ಯಾರು ಬಯಸುತ್ತಾರೆ? ಕೇಳಿದವರಲ್ಲಿ ಶೇಕಡಾ 28 ಜನ ತೆರೆದರು. ಹತ್ತಿರದಲ್ಲಿ ಅವಸರ, ದೂರದಲ್ಲಿ ತಾಳ್ಮೆ ಎಂಬ ಉತ್ತರ ಕೊಟ್ಟಿದ್ದ ಹೆಂಗಸರಲ್ಲಿ ಈ ಒಲವು ಹೆಚ್ಚು. ವರ್ಷದ ನಂತರ ನೋಡಿದಾಗ ಈ ಖಾತೆಯ ಅವಕಾಶ ಸಿಕ್ಕ ಗುಂಪಿನ ಉಳಿತಾಯ, ಸಿಗದ ಗುಂಪಿಗೆ ಹೋಲಿಸಿದರೆ ಶೇಕಡಾ 81ರಷ್ಟು ಹೆಚ್ಚು ಏರಿತ್ತು.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಪಿಗ್ಮಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಈ ಪದ್ಧತಿಯನ್ನು ಆಮೇಲೆ ಬೇರೆ ಬ್ಯಾಂಕು, ಸಹಕಾರಿ ಸಂಘಗಳೂ ಹಿಡಿದವು. ಸಂಜೆ ಏಜೆಂಟರು ಅಂಗಡಿಗೆ ಬರುತ್ತಾರೆ, ಗಲ್ಲಾದಿಂದ ಐವತ್ತೋ ನೂರೋ ಎತ್ತಿಕೊಟ್ಟರೆ ಆಯಿತು. ಬಡ್ಡಿ ನೋಡಿ ಪಿಗ್ಮಿ ಕಟ್ಟುವವರು ಕಡಿಮೆ. ಅದರ ಬಲ ಬೇರೆ ಕಡೆ ಇದೆ: ಇವತ್ತಿನ ನೋವು ನೂರು ರೂಪಾಯಿಯಷ್ಟು ಸಣ್ಣದು, ಅರ್ಧ ದಿನದ ರಜೆ ಬೇಡ, ಮತ್ತು ಎದುರಿಗೆ ಮನುಷ್ಯ ಬಂದು ನಿಂತಾಗ ‘ಮುಂದಿನ ತಿಂಗಳು’ ಎನ್ನಲು ಬರುವುದಿಲ್ಲ, ಹೆಚ್ಚೆಂದರೆ ‘ನಾಳೆ ಬರ್ರಿ’ ಅನ್ನಬಹುದು. ನಾಳೆ ಅವರು ಬಂದೇ ಬರುತ್ತಾರೆ. ಕಟ್ಟಿದ ದಿನವೇ ರಸೀದಿಯೋ ಪಾಸ್‌ಬುಕ್ ನಮೂದೋ ಪಡೆಯಬೇಕು ಎಂಬುದು ಬೇರೆ ಹೇಳಬೇಕಿಲ್ಲ.

## ಮುನೀಮರು ಏನು ಮಾಡಬಹುದು

ಇಷ್ಟು ಲೆಕ್ಕದ ಮೇಲೆ ಪರಿಹಾರ ಯಾವ ಕಡೆ ಇದೆ ಎಂಬುದು ಕಾಣುತ್ತದೆ. ಬಡ್ಡಿ ಹೆಚ್ಚಿರುವ ಕಡೆ ಹುಡುಕುವುದಕ್ಕಿಂತ, ತೀರ್ಮಾನ ಮಾಡುವ ದಿನವನ್ನೂ ಹಣ ಹೋಗುವ ದಿನವನ್ನೂ ದೂರ ಮಾಡುವುದು ಮುಖ್ಯ. ಸೆಪ್ಟೆಂಬರ್ 15ಕ್ಕೆ, ಅಂದರೆ ಕೈಯಲ್ಲಿ ಸಂಬಳವೂ ಇಲ್ಲದ, ಒಂದನೇ ತಾರೀಖೂ ದೂರ ಇರುವ ದಿನ, ಸಂಬಳ ಬೀಳುವ ಬ್ಯಾಂಕಿನಲ್ಲೇ ಆರ್‌ಡಿ ತೆರೆದು, ಪ್ರತಿ ತಿಂಗಳು 2ನೇ ತಾರೀಖು ತಾನಾಗಿಯೇ ಕಡಿತವಾಗುವಂತೆ ಸಹಿ ಹಾಕಿಬಿಡುವುದು. ಆ ದಿನ ಅಕ್ಟೋಬರಿನ 2,000 ಅವರಿಗೆ 1,400ರಂತೆಯೇ ಕಾಣುತ್ತದೆ, ಸಹಿ ಹಾಕಲು ಮನಸ್ಸು ಒಪ್ಪುತ್ತದೆ. ಅಕ್ಟೋಬರ್ 2ಕ್ಕೆ ಅದು 2,000 ಆಗುವ ಹೊತ್ತಿಗೆ ಯಾರೂ ಅವರನ್ನು ಕೇಳುವುದಿಲ್ಲ.

ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯಲ್ಲಿ ಇದೇ ಉಪಾಯ ಮಾಡಿದರು. ಈಗ ಏನೂ ಕಡಿತ ಬೇಡ, ಮುಂದೆ ಸಂಬಳ ಏರಿದಾಗಲೆಲ್ಲ ಏರಿಕೆಯ ಒಂದು ಭಾಗ ಉಳಿತಾಯಕ್ಕೆ ಹೋಗಲಿ ಎಂದು ಮೊದಲೇ ಒಪ್ಪಿಸಿದರು. 2004ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಹೋಯಿತು.

ಕಂತು ಎಷ್ಟಿರಬೇಕು ಎಂಬಲ್ಲಿ ಎಚ್ಚರ ಬೇಕು. ಕಟ್ಟು ಬಿಗಿಯಾದಷ್ಟೂ ಒಳ್ಳೆಯದು ಅಂತೇನಿಲ್ಲ. ಫಿಲಿಪ್ಪೀನ್ಸಿನಲ್ಲೇ ಅನೆಟ್ ಜಾನ್ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಕಂತು ತಪ್ಪಿದರೆ ದಂಡ ಎಂಬ ಖಾತೆಯನ್ನು ತಾವೇ ಆರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊನೆ ಮುಟ್ಟದೆ ದಂಡ ತೆತ್ತರು. ತನ್ನ ದೌರ್ಬಲ್ಯ ಗೊತ್ತಿದ್ದರೂ ಅದು ಎಷ್ಟು ದೊಡ್ಡದು ಎಂಬುದು ಗೊತ್ತಿಲ್ಲದವರ ಪಾಡು ಇದು. ಅಂಚೆ ಆರ್‌ಡಿಯ ಕಟ್ಟು ನಡುಮಟ್ಟದ್ದು: ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ, ಅಂದರೆ 2,000ಕ್ಕೆ 20 ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ, ಎರಡು ತಿಂಗಳೊಳಗೆ ಮತ್ತೆ ಜೀವ ಕೊಡಬಹುದು, ಮೂರು ವರ್ಷಕ್ಕೆ ಮುಂಚೆ ಮುಚ್ಚುವಂತಿಲ್ಲ, ಆಮೇಲೆ ಅವಧಿಗೆ ಮುಂಚೆ ಮುಚ್ಚಿದರೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ. 18,000 ಸಂಬಳದವರು 5,000ದ ಕಂತಿಗೆ ಸಹಿ ಹಾಕಿದರೆ ನಾಲ್ಕು ಕಂತು ತಪ್ಪಲು ಹೆಚ್ಚು ದಿನ ಬೇಕಿಲ್ಲ.

## ಎಲ್ಲ ತಡವೂ ಇದೇ ಕಾಯಿಲೆ ಅಲ್ಲ

ಉಳಿಸದವರೆಲ್ಲರ ಮೇಲೆ ಈ ಹೆಸರು ಹಚ್ಚುವುದು ತಪ್ಪು. ಆಳಂದದಲ್ಲೋ ಚಿತ್ತಾಪುರದಲ್ಲೋ ತೊಗರಿ ಬೆಳೆಯುವ ರೈತರಿಗೆ ವರ್ಷದ ಹಣ ಬರುವುದು ರಾಶಿ ಮುಗಿದ ಮೇಲೆ, ಜನವರಿಯ ಆಸುಪಾಸಿನಲ್ಲಿ. ಜೂನ್‌ನಲ್ಲಿ ಅವರ ಕೈ ಖಾಲಿ ಇದ್ದರೆ ಅದಕ್ಕೆ ವಕ್ರರೇಖೆಯೇ ಕಾರಣ ಎನ್ನಲಾಗದು, ಸಾಲ ತೀರಿಸಿರಬಹುದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಇರುವವರು 6.7ರ ಆರ್‌ಡಿ ಬಿಟ್ಟು ಆ ಸಾಲ ತೀರಿಸಿದರೆ ಅದು ಬುದ್ಧಿವಂತಿಕೆ. ಕೊಟ್ಟ ಮಾತಿನಂತೆ ಹಣ ವಾಪಸ್ ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ ಈಗಿನದನ್ನೇ ಹಿಡಿಯುವುದೂ ಬೇರೆ ವಿಷಯ.

ಅಳತೆಯ ವಿಷಯದಲ್ಲೂ ತಕರಾರಿದೆ. ನೆಡ್ ಆಗೆನ್‌ಬ್ಲಿಕ್, ಮ್ಯೂರಿಯಲ್ ನೀಡರ್ಲೆ ಮತ್ತು ಚಾರ್ಲ್ಸ್ ಸ್ಪ್ರೆಂಜರ್ 2015ರಲ್ಲಿ ತೋರಿಸಿದಂತೆ, ಹಣದ ಆಯ್ಕೆಗಳಲ್ಲಿ ಈ ವಾಲಿಕೆ ಅಷ್ಟಾಗಿ ಕಾಣಲಿಲ್ಲ, ಬೇಸರದ ಕೆಲಸವನ್ನು ಇವತ್ತು ಮಾಡಬೇಕೋ ಆಮೇಲೋ ಎಂಬಲ್ಲಿ ಸ್ಪಷ್ಟವಾಗಿ ಕಂಡಿತು. ಇದು ತರ್ಕಕ್ಕೂ ಹೊಂದುತ್ತದೆ. ಕೈಗೆ ಬಂದ ನೋಟು ಬಂದ ದಿನವೇ ಸುಖ ಕೊಡುವುದಿಲ್ಲ, ಖರ್ಚು ಮಾಡಿದಾಗ ಕೊಡುತ್ತದೆ. ಹಾಗಾಗಿ ಮುನೀಮರ ಮುಂದೂಡಿಕೆಯಲ್ಲಿ ಎರಡು ಸಾವಿರದ ಮೋಹಕ್ಕಿಂತ ಆ ಅರ್ಧ ದಿನದ ತಾಪತ್ರಯದ ಪಾಲೇ ದೊಡ್ಡದಿರಲೂಬಹುದು.

ಯಾವುದು ಯಾವುದು ಎಂದು ಬೇರ್ಪಡಿಸಲು ಒಂದು ಪರೀಕ್ಷೆ ಇದೆ, ಮನೆಯಲ್ಲೇ ಮಾಡಬಹುದು. ಮೂರು ತಿಂಗಳ ಮೇಲೆ ಶುರುವಾಗುವ ಕಡಿತದ ಫಾರಮ್ಮಿಗೆ ಇವತ್ತೇ ಸಹಿ ಹಾಕಿ ಎನ್ನಬೇಕು. ಇವತ್ತು ಒಂದು ರೂಪಾಯಿಯೂ ಹೋಗುವುದಿಲ್ಲ. ತಕರಾರಿಲ್ಲದೆ ಸಹಿ ಹಾಕಿ, ತಾರೀಖು ಹತ್ತಿರ ಬಂದಂತೆ, ಮನೆಯ ಖರ್ಚಿನಲ್ಲಿ ಹೊಸದೇನೂ ಇಲ್ಲದಿದ್ದರೂ, ‘ಇದೊಂದು ತಿಂಗಳು ರದ್ದು ಮಾಡಿಸೋಣ’ ಎನ್ನತೊಡಗಿದರೆ ಅದು ಪ್ರೆಸೆಂಟ್ ಬಯಾಸ್. ಆ ಕಡಿತವನ್ನು ರದ್ದು ಮಾಡುವುದು ಕಷ್ಟವಾಗುವಂತೆ ಮಾಡಿದರೆ ಸಾಕು. ಮೂರು ತಿಂಗಳ ಆಚೆಯ ಕಡಿತಕ್ಕೂ ಸಹಿ ಹಾಕಲು ಅವರು ಒಪ್ಪದಿದ್ದರೆ ಕಾರಣ ಬೇರೆ ಇದೆ. ಆಗ ಹಾಳೆ ಪೆನ್ನು ತೆಗೆದುಕೊಂಡು 18,000 ಎಲ್ಲಿಗೆ ಹೋಗುತ್ತಿದೆ, ಮನೆಗೆ ಹೇಳದ ಸಾಲ ಏನಾದರೂ ಇದೆಯೇ ಎಂದು ನೋಡಬೇಕಾಗುತ್ತದೆ.